ಕಣ್ಣಿಗೆ ಬೀಳದ ಕೆಲಸಕ್ಕೆ ರೇಟಿಂಗ್ ಕೊಡುವುದು ಹೇಗೆ?

ಕಚೇರಿಯಲ್ಲಿ ಎದುರಿಗೇ ಕೂರುವ ಉದ್ಯೋಗಿಯ ಬಗ್ಗೆ ಮ್ಯಾನೇಜರ್‌ಗೆ ಬಹಳಷ್ಟು ಗೊತ್ತಿರುತ್ತದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದರು, ಊಟಕ್ಕೆ ಎಷ್ಟು ಹೊತ್ತು ಹೋದರು, ಸಂಜೆ ಎಲ್ಲರೂ ಎದ್ದ ಮೇಲೂ ಕೂತಿದ್ದರೇ, ಗ್ರಾಹಕರ ಜೊತೆ ಫೋನಿನಲ್ಲಿ ಹೇಗೆ ಮಾತಾಡಿದರು, ಇವೆಲ್ಲ ಕೇಳದೆಯೇ ತಿಳಿಯುತ್ತವೆ. ದೂರದ ಊರಿನ ಮನೆಯಿಂದ ಕೆಲಸ ಮಾಡುವವರ ವಿಷಯದಲ್ಲಿ ತಿಳಿಯುವುದು ವಾರಕ್ಕೆರಡು ವಿಡಿಯೋ ಕರೆ, ಒಂದಿಷ್ಟು ಸಂದೇಶ, ಕೊನೆಗೆ ಕೈಗೆ ಬರುವ ಫಲಿತಾಂಶ, ಇಷ್ಟೇ. ಆದ್ದರಿಂದ ಅಪ್ರೈಸಲ್ ಹೊತ್ತಿಗೆ ದೂರದವರ ಬಗ್ಗೆ ಮಾಹಿತಿ ಸಾಲದು ಎಂಬ ಅಳುಕು ಮ್ಯಾನೇಜರ್‌ಗಳಲ್ಲಿ ಸಹಜ. ಇದು ಅರ್ಧ ಮಾತ್ರ ನಿಜ. ಹತ್ತಿರದವರ ಬಗ್ಗೆ ಇರುವ ಮಾಹಿತಿಯಲ್ಲಿ ಕೆಲಸಕ್ಕೆ ಸಂಬಂಧವೇ ಇಲ್ಲದ್ದು ಬಹಳ, ಮತ್ತು ಅದು ಸದ್ದಿಲ್ಲದೆ ರೇಟಿಂಗ್‌ನೊಳಗೆ ಸೇರಿಕೊಳ್ಳುತ್ತದೆ ಎಂಬುದು ಉಳಿದರ್ಧ.

ಈ ಸೇರಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕಿ ಕಿಂಬರ್ಲಿ ಎಲ್ಸ್‌ಬಾಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಒಬ್ಬ ಉದ್ಯೋಗಿ ಕಚೇರಿಯ ವೇಳೆಯಲ್ಲಿ ತನ್ನ ಜಾಗದಲ್ಲಿ ಕಂಡರೆ ಸಾಕು, ನೋಡಿದವರು ಅವರನ್ನು ಜವಾಬ್ದಾರಿಯುತ, ನಂಬಬಹುದಾದ ವ್ಯಕ್ತಿ ಎಂದುಕೊಳ್ಳುತ್ತಾರೆ. ವೇಳೆ ಮೀರಿದ ಮೇಲೆ ಅಥವಾ ರಜಾದಿನ ಕಂಡರಂತೂ ಕೆಲಸಕ್ಕೆ ತಮ್ಮನ್ನೇ ಕೊಟ್ಟುಕೊಂಡವರು ಎಂದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಆ ವ್ಯಕ್ತಿ ಏನು ಮಾಡುತ್ತಿದ್ದರು ಎಂಬುದು ನೋಡಿದವರಿಗೆ ಗೊತ್ತಿರಬೇಕಿಲ್ಲ. ತಾವು ಹೀಗೊಂದು ತೀರ್ಮಾನಕ್ಕೆ ಬಂದೆವೆಂಬುದೂ ಅವರ ಅರಿವಿಗೆ ಬರುವುದಿಲ್ಲ. ಹಾಗಾಗಿ ‘ನಾನು ಪಕ್ಷಪಾತ ಮಾಡುವುದಿಲ್ಲ’ ಎಂದು ಮ್ಯಾನೇಜರ್ ಪ್ರಾಮಾಣಿಕವಾಗಿ ಹೇಳಿದರೂ ಅದರಿಂದ ದೂರದ ಉದ್ಯೋಗಿಗೆ ದೊಡ್ಡ ರಕ್ಷಣೆ ಸಿಗುವುದಿಲ್ಲ.

ಇದರ ಬೆಲೆ ಎಷ್ಟೆಂದು ತಿಳಿಯಲು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಪ್ರಯೋಗ ನೋಡಬೇಕು. ಸ್ಟಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಹೋದ್ಯೋಗಿಗಳು 2010ರ ಕೊನೆಯಲ್ಲಿ ಶಾಂಘೈನ ಕಾಲ್ ಸೆಂಟರ್‌ನಲ್ಲಿ ಇದನ್ನು ಆರಂಭಿಸಿದರು. ಮನೆಯಿಂದ ಕೆಲಸ ಮಾಡಲು ಒಪ್ಪಿದ, ಅರ್ಹರಾದ 249 ಮಂದಿಯನ್ನು ಹುಟ್ಟಿದ ದಿನಾಂಕ ಸಮವೋ ಬೆಸವೋ ಎಂದು ನೋಡಿ ಎರಡು ಗುಂಪು ಮಾಡಿದರು. ಒಂದು ಗುಂಪು ಒಂಬತ್ತು ತಿಂಗಳ ಕಾಲ ವಾರದಲ್ಲಿ ನಾಲ್ಕು ದಿನ ಮನೆಯಿಂದ ಕೆಲಸ ಮಾಡಿತು, ಇನ್ನೊಂದು ಕಚೇರಿಯಲ್ಲೇ ಉಳಿಯಿತು. ಮನೆಯಿಂದ ದುಡಿದವರ ಕೆಲಸ 13 ಶೇಕಡಾ ಹೆಚ್ಚಿತು, ಕೆಲಸ ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕಿಳಿಯಿತು. ಪತ್ರಿಕೆಗಳಲ್ಲಿ ಹೆಚ್ಚಾಗಿ ಬಂದದ್ದು ಈ ಭಾಗ. ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಫಲಿತಾಂಶವೂ ಇತ್ತು: ಒಂದೇ ಮಟ್ಟದ ಸಾಧನೆ ಇದ್ದವರನ್ನು ಹೋಲಿಸಿದಾಗ, ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವ ಸಾಧ್ಯತೆ ಕಚೇರಿಯವರಿಗಿಂತ ಸುಮಾರು ಅರ್ಧದಷ್ಟಕ್ಕೆ ಕುಸಿದಿತ್ತು. ಕರೆಗಳ ಲೆಕ್ಕ ನಿಮಿಷ ನಿಮಿಷಕ್ಕೂ ದಾಖಲಾಗುವ ಕಾಲ್ ಸೆಂಟರ್‌ನಲ್ಲೇ ಹೀಗಾಯಿತು. ಕಣ್ಮರೆಯಾದದ್ದೊಂದೇ ಇದಕ್ಕೆ ಕಾರಣ ಎನ್ನಲಾಗದು. ತಂಡ ನಡೆಸುವ ಹುದ್ದೆಗೆ ಬೇಕಾದ ಜನರೊಡನಾಟ ಮನೆಯಲ್ಲಿ ಕೂತವರಿಗೆ ಕಡಿಮೆ ಸಿಕ್ಕಿರಬಹುದು. ಆದರೂ ಪಾಠ ಸ್ಪಷ್ಟವಾಗಿದೆ. ಅಂಕಿಅಂಶ ಇದ್ದಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ, ಆ ಅಂಕಿಗಳನ್ನು ಮುಂದಿಟ್ಟು ಮಾತಾಡುವವರು ಬೇಕು.

ಅದೇ ಕಂಪನಿ, ಟ್ರಿಪ್.ಕಾಮ್ ಎಂಬ ಹೊಸ ಹೆಸರಿನಲ್ಲಿ, 2021-22ರಲ್ಲಿ 1,612 ಉದ್ಯೋಗಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಸಿತು. ಈ ಸಲ ವಾರಕ್ಕೆ ಎರಡೇ ದಿನ ಮನೆಯಿಂದ ಕೆಲಸ. 2024ರಲ್ಲಿ ಪ್ರಕಟವಾದ ಇದರ ಫಲಿತಾಂಶದಲ್ಲಿ ಮುಂದಿನ ಎರಡು ವರ್ಷಗಳ ಮೌಲ್ಯಮಾಪನದಲ್ಲಾಗಲಿ ಬಡ್ತಿಯಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮನೆಯಿಂದ ಕೆಲಸ ಎಂದಾಕ್ಷಣ ಅನ್ಯಾಯವಾಗಿಯೇ ತೀರುತ್ತದೆ ಎನ್ನುವಂತಿಲ್ಲ. ತೊಂದರೆ ಹೆಚ್ಚಾಗಿ ಕಾಡುವುದು ಪೂರ್ತಿ ದೂರದಲ್ಲೇ ಇರುವವರನ್ನು, ಅದರಲ್ಲೂ ತಂಡದ ಉಳಿದವರೆಲ್ಲ ಕಚೇರಿಯಲ್ಲಿದ್ದು ಒಬ್ಬರೋ ಇಬ್ಬರೋ ಮಾತ್ರ ಊರಿನಿಂದ ಕೆಲಸ ಮಾಡುವಾಗ.

ಕಾಣದ ಕೆಲಸವನ್ನು ಹೇಗಾದರೂ ಕಾಣುವಂತೆ ಮಾಡಬೇಕು ಎಂಬುದು ಮ್ಯಾನೇಜರ್‌ಗಳಿಗೆ ಮೊದಲು ಹೊಳೆಯುವ ಪರಿಹಾರ. ಚಾಟ್‌ನ ಹಸಿರು ಚುಕ್ಕೆ ಉರಿಯುತ್ತಿದೆಯೇ ನೋಡುವುದು, ಕೀಬೋರ್ಡ್ ಒತ್ತಿದ ಲೆಕ್ಕ ಇಡುವುದು, ಗಂಟೆಗೊಮ್ಮೆ ಪರದೆಯ ಚಿತ್ರ ತೆಗೆಯುವ ತಂತ್ರಾಂಶ ಹಾಕುವುದು ಎಲ್ಲವೂ ಈ ಯೋಚನೆಯವೇ. ಇವು ಅಳೆಯುವುದು ಹಾಜರಿಯನ್ನು. ಕಚೇರಿಯಲ್ಲಿ ಕುರ್ಚಿ ತುಂಬಿದೆಯೇ ಎಂದು ನೋಡುವ ದೋಷವನ್ನು ಇಲ್ಲಿ ಪರದೆಗೆ ಸಾಗಿಸಿದಂತಾಯಿತು, ಅಷ್ಟೇ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಐದು ನಿಮಿಷ ಕಂಪ್ಯೂಟರ್ ಮುಟ್ಟದಿದ್ದರೆ ಚುಕ್ಕೆ ಹಳದಿಯಾಗುತ್ತದೆ. ಒಂದು ಕಠಿಣ ದೋಷದ ಮೂಲ ಹುಡುಕುತ್ತ ಕಾಗದದ ಮೇಲೆ ಚಿತ್ರ ಬರೆಯುತ್ತ ಕೂತವರೂ ಆ ಲೆಕ್ಕದಲ್ಲಿ ಎದ್ದುಹೋದವರೇ. ಮೌಸನ್ನು ತಾನಾಗಿ ಅಲುಗಾಡಿಸುವ ಸಣ್ಣ ಸಾಧನವನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡವರು ಮಾತ್ರ ಸದಾ ಹಸಿರು. ಇಂಥ ಲೆಕ್ಕವನ್ನು ಅಪ್ರೈಸಲ್‌ಗೆ ಬಳಸುವ ಕಂಪನಿಗೆ ಕೆಲಸದ ಬದಲು ಹಸಿರು ಚುಕ್ಕೆಗಳೇ ಸಿಗುತ್ತವೆ.

ನ್ಯಾಯವಾದ ದಾರಿ ಇದಕ್ಕೆ ವಿರುದ್ಧ ದಿಕ್ಕಿನದು. ದೂರದವರ ಮೇಲೆ ಕಣ್ಗಾವಲು ಹೆಚ್ಚಿಸುವ ಬದಲು ಇಬ್ಬರನ್ನೂ ಒಂದೇ ಬಗೆಯ ಸಾಕ್ಷ್ಯದ ಮೇಲೆ ಅಳೆಯಬೇಕು. ಹತ್ತಿರದವರ ಬಗ್ಗೆ ಅಪ್ಪಿತಪ್ಪಿ ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಹೇಳಲು ಸುಲಭವಾದ ಇದನ್ನು ಮಾಡುವುದು ಹೇಗೆಂದು ಒಂದು ಕಲ್ಪಿತ ಪ್ರಸಂಗದ ಮೂಲಕ ನೋಡಬಹುದು.

ಕಾರ್ಖಾನೆಗಳ ಸಂಬಳದ ಲೆಕ್ಕಕ್ಕೆ ತಂತ್ರಾಂಶ ಒದಗಿಸುವ ಬೆಂಗಳೂರಿನ ಕಂಪನಿಯೊಂದರಲ್ಲಿ ಗ್ರಾಹಕರ ದೂರುಗಳನ್ನು ಬಗೆಹರಿಸುವ ತಂಡವಿದೆ ಎಂದುಕೊಳ್ಳೋಣ. ಪ್ರತಿ ದೂರಿಗೂ ಒಂದು ಟಿಕೆಟ್. ಒಂದೇ ದರ್ಜೆಯ ಇಬ್ಬರು ಉದ್ಯೋಗಿಗಳಲ್ಲಿ ಒಬ್ಬರು ಬೆಂಗಳೂರಿನ ಕಚೇರಿಯಲ್ಲಿ, ಇನ್ನೊಬ್ಬರು ಶಿರಸಿಯ ಮನೆಯಿಂದ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅರ್ಧ ವರ್ಷದ ಮೌಲ್ಯಮಾಪನ ನಡೆಯಬೇಕು, ರೇಟಿಂಗ್ 1ರಿಂದ 5. ಮ್ಯಾನೇಜರ್ ನೆನಪಿನಿಂದಲೇ ಗುರುತು ಹಾಕಿಕೊಂಡದ್ದು ಬೆಂಗಳೂರಿನವರಿಗೆ 4, ಶಿರಸಿಯವರಿಗೆ 3. ಕಂಪ್ಯೂಟರ್ ಕೊಟ್ಟ ಮೊದಲ ಲೆಕ್ಕವೂ ಅದಕ್ಕೆ ತಾಳೆಯಾಗುವಂತಿತ್ತು: ಬೆಂಗಳೂರಿನವರು ಮುಗಿಸಿದ ಟಿಕೆಟ್ 420, ಶಿರಸಿಯವರದು 310.

ಬಹಳ ಕಡೆ ಅಪ್ರೈಸಲ್ ಇಲ್ಲಿಗೇ ನಿಂತುಬಿಡುತ್ತದೆ, ಅದೂ ಅಂಕಿ ಆಧಾರಿತ ಎಂಬ ಹೆಮ್ಮೆಯೊಂದಿಗೆ. ಈ ತಂಡದಲ್ಲಿ ಮಾತ್ರ ಏಪ್ರಿಲ್‌ನಲ್ಲೇ ಇಬ್ಬರ ಜೊತೆಗೂ ಕೂತು ಬರೆದಿಟ್ಟ ಒಂದು ಪುಟವಿತ್ತು. ಸುಲಭದ ಟಿಕೆಟ್ ಯಾವುದು, ಕಠಿಣದ್ದು ಯಾವುದು, ಮುಗಿಸಿದ್ದೆಂದು ಹೇಳಿದ ಮೇಲೆ ಗ್ರಾಹಕ ಮತ್ತೆ ತೆರೆಸಿದರೆ ಅದನ್ನು ಹೇಗೆ ಎಣಿಸಬೇಕು, ಗ್ರಾಹಕನಿಗೆ ಎಷ್ಟು ಹೊತ್ತಿನೊಳಗೆ ಸುದ್ದಿ ಮುಟ್ಟಿಸಬೇಕು, ಹೊಸಬರಿಗೆ ನೆರವಾದದ್ದು ಲೆಕ್ಕಕ್ಕಿದೆಯೇ ಎಂಬುದೆಲ್ಲ ಅದರಲ್ಲಿತ್ತು. ದೂರದ ಉದ್ಯೋಗಿಯ ಮಟ್ಟಿಗೆ ಈ ಒಂದು ಪುಟಕ್ಕೆ ಇರುವ ಬೆಲೆ ವರ್ಷದ ಕೊನೆಯ ಯಾವ ಫಾರ್ಮಿಗೂ ಇಲ್ಲ. ಕಚೇರಿಯಲ್ಲಿರುವವರು ನಿರೀಕ್ಷೆ ಬದಲಾದದ್ದನ್ನು ಚಹಾ ಕುಡಿಯುವಾಗಿನ ಮಾತಿನಲ್ಲಿ ತಿಳಿದುಕೊಂಡು ತಿದ್ದಿಕೊಳ್ಳುತ್ತಾರೆ. ದೂರದವರಿಗೆ ಗೊತ್ತಿರುವುದು ಬರೆದಿಟ್ಟದ್ದು ಮಾತ್ರ.

ಆ ಪುಟ ಹಿಡಿದು ಟಿಕೆಟ್‌ಗಳನ್ನು ವಿಂಗಡಿಸಿದಾಗ ಚಿತ್ರ ಬದಲಾಯಿತು. ಬೆಂಗಳೂರಿನವರ 420ರಲ್ಲಿ 330 ಸುಲಭದವು, 90 ಕಠಿಣ. ಶಿರಸಿಯವರ 310ರಲ್ಲಿ ಸುಲಭದವು 120 ಮಾತ್ರ, ಕಠಿಣದವು 190. ತಂಡದ ಹಿಂದಿನ ವರ್ಷದ ದಾಖಲೆಯ ಪ್ರಕಾರ ಸುಲಭದ ಟಿಕೆಟ್‌ಗೆ ಸರಾಸರಿ 40 ನಿಮಿಷ, ಕಠಿಣದ್ದಕ್ಕೆ ಎರಡು ಗಂಟೆ ಹಿಡಿಯುತ್ತದೆ. ಹಾಗೆ ಗುಣಿಸಿದರೆ ಬೆಂಗಳೂರಿನವರದು 400 ಗಂಟೆಯ ಕೆಲಸ, ಶಿರಸಿಯವರದು 460 ಗಂಟೆಯದು. ಮತ್ತೆ ತೆರೆದುಕೊಂಡ ಟಿಕೆಟ್‌ಗಳನ್ನೂ ಸುಲಭದ್ದು ಸುಲಭದ್ದರ ಜೊತೆ, ಕಠಿಣದ್ದು ಕಠಿಣದ್ದರ ಜೊತೆ ಇಟ್ಟು ನೋಡಬೇಕಾಯಿತು. ಕಠಿಣದವುಗಳಲ್ಲಿ ಬೆಂಗಳೂರಿನವರ 90ರಲ್ಲಿ 13 ಮರಳಿ ಬಂದಿದ್ದರೆ, ಶಿರಸಿಯವರ 190ರಲ್ಲಿ ಮರಳಿದ್ದು 9. ಸುಲಭದವುಗಳಲ್ಲಿ 330ಕ್ಕೆ 33 ಮತ್ತು 120ಕ್ಕೆ 3. ಎರಡು ಬಗೆಯಲ್ಲೂ ಶಿರಸಿಯವರ ಕೆಲಸವೇ ಗಟ್ಟಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಠಿಣ ಟಿಕೆಟ್‌ಗಳನ್ನು ಶಿರಸಿಯವರು ಆರಿಸಿಕೊಂಡದ್ದಲ್ಲ, ಡೇಟಾಬೇಸ್‌ನ ಅನುಭವವಿದೆ ಎಂದು ತಂಡದ ಮುಖ್ಯಸ್ಥರು ಅವರಿಗೆ ಹಂಚಿದ್ದು. ಆದ್ದರಿಂದ ಕಠಿಣ ಕೆಲಸ ಸಿಕ್ಕಿತು ಎಂಬುದಕ್ಕೇ ಹೆಚ್ಚುವರಿ ಅಂಕ ಕೊಡಬೇಕಿಲ್ಲ, ಅದರಿಂದಾಗಿ ಎಣಿಕೆ ಕಡಿಮೆಯಾದದ್ದಕ್ಕೆ ಅಂಕ ಕಳೆಯದಿದ್ದರೆ ಸಾಕು. ಬೆಂಗಳೂರಿನವರಿಗೂ ಕಠಿಣ ಕೆಲಸ ಸಿಗದೆ ಹೋದದ್ದು ಅವರ ತಪ್ಪಲ್ಲ.

ಅಂಕಿಗಳು ಇಷ್ಟಕ್ಕೆ ಮುಗಿಯುತ್ತವೆ. ಅವುಗಳನ್ನೇ ನಂಬಿ ಕೂತರೆ ಏನಾಗುತ್ತದೆಂದು ಬೆಂಗ್ಟ್ ಹೋಮ್‌ಸ್ಟ್ರಾಮ್ ಮತ್ತು ಪಾಲ್ ಮಿಲ್‌ಗ್ರೋಮ್ ಎಂಬ ಅರ್ಥಶಾಸ್ತ್ರಜ್ಞರು 1991ರಲ್ಲೇ ವಿವರಿಸಿದ್ದರು: ಹಲವು ಕೆಲಸಗಳಲ್ಲಿ ಒಂದನ್ನು ಮಾತ್ರ ಅಳೆದು ಅದಕ್ಕೆ ಪ್ರತಿಫಲ ಕಟ್ಟಿದರೆ ಶ್ರಮವೆಲ್ಲ ಅತ್ತ ಹರಿದು, ಅಳೆಯದವು ಸೊರಗುತ್ತವೆ. ಆದ್ದರಿಂದ ಕೆಲಸವನ್ನೇ ತೆರೆದು ಓದಬೇಕು. ಎಲ್ಲವನ್ನೂ ಓದಲು ಯಾರಿಗೂ ಸಮಯವಿಲ್ಲ, ಓದಬೇಕಾಗಿಯೂ ಇಲ್ಲ. ಲೆಕ್ಕಪರಿಶೋಧಕರು ಪ್ರತಿ ರಸೀದಿಯನ್ನೂ ನೋಡದೆ ನಡುನಡುವೆ ಎತ್ತಿ ನೋಡುವಂತೆ ಇಲ್ಲಿಯೂ ಮಾದರಿ ಸಾಕು. ಆದರೆ ಯಾವುದನ್ನು ಎತ್ತಬೇಕೆಂಬುದು ಮ್ಯಾನೇಜರ್‌ನ ಇಷ್ಟಕ್ಕೆ ಬಿಟ್ಟದ್ದಾಗಿರಬಾರದು. ಬಿಟ್ಟರೆ ನೆನಪಿನಲ್ಲಿ ಉಳಿದ ಎರಡು ಜಗಳಗಳೋ, ಕಳೆದ ತಿಂಗಳ ಒಂದು ಸಾಹಸವೋ ಮೇಲೆ ಬರುತ್ತದೆ.

ಈ ಪ್ರಸಂಗದಲ್ಲಿ ಮಾಡಿದ್ದು ಹೀಗೆ. ದಿನಾಂಕದ ಕ್ರಮದಲ್ಲಿ ಜೋಡಿಸಿದ ಕಠಿಣ ಟಿಕೆಟ್‌ಗಳಲ್ಲಿ ಶಿರಸಿಯವರದು ಪ್ರತಿ ಹತ್ತೊಂಬತ್ತನೆಯದು, ಬೆಂಗಳೂರಿನವರದು ಪ್ರತಿ ಒಂಬತ್ತನೆಯದು ಎತ್ತಿದರು, ತಲಾ 10 ಸಿಕ್ಕಿದವು. ಸುಲಭದವುಗಳಿಂದ ಹಾಗೆಯೇ ತಲಾ 5. ಹೆಸರು ಅಳಿಸಿದ ಪ್ರತಿಗಳನ್ನು ಮ್ಯಾನೇಜರ್ ಒಬ್ಬರು, ಬೇರೆ ತಂಡದ ಮುಖ್ಯಸ್ಥರೊಬ್ಬರು ಬೇರೆ ಬೇರೆಯಾಗಿ ಓದಿದರು. ದೋಷದ ಮೂಲ ಸಿಕ್ಕಿತೇ, ಗ್ರಾಹಕನಿಗೆ ಅರ್ಥವಾಗುವಂತೆ ಹೇಳಲಾಯಿತೇ, ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಿತೇ, ನಾಳೆ ಬೇರೆಯವರು ಈ ದಾಖಲೆ ಓದಿ ಮುಂದುವರಿಸಬಲ್ಲರೇ ಎಂಬ ನಾಲ್ಕೇ ಪ್ರಶ್ನೆ. ಓದುವ ಕೆಲಸ ತಲಾ ಅರ್ಧ ದಿನದ್ದು. ಹೆಸರು ಅಳಿಸಿದರೂ ಬರೆಯುವ ಶೈಲಿಯಿಂದ ಕೆಲವೊಮ್ಮೆ ಗುರುತು ಸಿಗುತ್ತದೆ ಎಂಬುದು ಬೇರೆ ಮಾತು. ಎರಡನೆಯ ಓದುಗ ಬೇಕಾಗುವುದು ಅದಕ್ಕೇ.

ಕಂಡದ್ದು ಒಂದೇ ಬಣ್ಣದ ಚಿತ್ರವಲ್ಲ. ಬೆಂಗಳೂರಿನವರ 10 ಕಠಿಣ ಟಿಕೆಟ್‌ಗಳಲ್ಲಿ 5ರಲ್ಲಿ ಮೇಲ್ನೋಟದ ತೊಂದರೆ ಸರಿಪಡಿಸಿ ಮೂಲವನ್ನು ಹಾಗೆಯೇ ಬಿಟ್ಟಿದ್ದರು. ಟಿಕೆಟ್‌ಗಳು ಏಕೆ ಮರಳಿ ಬರುತ್ತಿದ್ದವು ಎಂಬುದಕ್ಕೆ ಉತ್ತರ ಅಲ್ಲಿತ್ತು. ಆದರೆ ಅವರ ಯಾವ ಗ್ರಾಹಕನೂ ಸುದ್ದಿಯಿಲ್ಲದೆ ಕಾದಿರಲಿಲ್ಲ. ಶಿರಸಿಯವರು ಕಠಿಣದವುಗಳಲ್ಲಿ 9ರ ಮೂಲವನ್ನು ಹಿಡಿದಿದ್ದರು, ಆದರೆ ಒಟ್ಟು 15ರಲ್ಲಿ 4 ಸಲ ಗ್ರಾಹಕ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಏನೊಂದೂ ತಿಳಿಯದೆ ಕಾದಿದ್ದ. ಕೆಲಸ ನಡೆಯುತ್ತಲೇ ಇತ್ತು, ಹೇಳಿರಲಿಲ್ಲ.

ಆ ನಾಲ್ಕನ್ನು ಇನ್ನೊಮ್ಮೆ ನೋಡಿದಾಗ ಎರಡು ಜುಲೈ ತಿಂಗಳ ಒಂದೇ ವಾರದವು. ಆ ವಾರ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತೂ ಇಂಟರ್ನೆಟ್ಟೂ ಮೂರು ದಿನ ಇರಲಿಲ್ಲ. ಮಲೆನಾಡಿನ ಮಳೆಗಾಲ ಬಲ್ಲವರಿಗೆ ಇದು ವಿಶೇಷವೇನಲ್ಲ, ಮತ್ತು ಅದಕ್ಕಾಗಿಯೇ ಏಪ್ರಿಲ್‌ನ ಪುಟದಲ್ಲಿ ಇದಕ್ಕೊಂದು ಸಾಲು ಇತ್ತು: ಸಂಪರ್ಕ ಕಡಿದರೆ ಉದ್ಯೋಗಿ ತಂಡದ ಮುಖ್ಯಸ್ಥರಿಗೆ ಫೋನ್ ಮಾಡಬೇಕು, ಗ್ರಾಹಕರಿಗೆ ಮುಖ್ಯಸ್ಥರು ತಿಳಿಸಬೇಕು. ಶಿರಸಿಯವರು ಫೋನ್ ಮಾಡಿದ್ದು ದಾಖಲಾಗಿತ್ತು. ಹಾಗಾಗಿ ಆ ಎರಡರ ಹೊಣೆ ಅವರದಲ್ಲ, ಉಳಿದ ಎರಡರದು ಅವರದೇ. ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೆಂದರೆ ಇದು. ‘ಪಾಪ, ಅಲ್ಲಿ ಕರೆಂಟ್ ಇರುವುದಿಲ್ಲ’ ಎಂದು ಎಲ್ಲವನ್ನೂ ಮನ್ನಿಸುವುದೂ, ‘ಊರಲ್ಲಿ ಕೂತರೆ ಹೀಗೇ’ ಎಂದು ಎಲ್ಲವನ್ನೂ ತಲೆಗೆ ಕಟ್ಟುವುದೂ ಒಂದೇ ತರಹದ ಸೋಮಾರಿತನ.

ಟಿಕೆಟ್‌ನಲ್ಲಿ ಕಾಣದ ಕೆಲಸವೂ ಇದೆ. ಶಿರಸಿಯವರು ಹೊಸಬರಿಗಾಗಿ 14 ಟಿಪ್ಪಣಿ ಬರೆದಿಟ್ಟಿದ್ದರು, ಅವು ಕಂಪನಿಯ ಕಡತದಲ್ಲಿ ಸಿಕ್ಕವು. ಬೆಂಗಳೂರಿನವರು ಹೊಸಬರ ಪಕ್ಕ ಕುರ್ಚಿ ಎಳೆದುಕೊಂಡು ಕಲಿಸುತ್ತಿದ್ದರು, ಅದು ಯಾವ ಕಡತದಲ್ಲೂ ಇಲ್ಲ. ಬರೆದದ್ದಷ್ಟೇ ಸಾಕ್ಷ್ಯ ಎಂದು ಹಟ ಹಿಡಿದರೆ ಈ ಸಲ ಅನ್ಯಾಯವಾಗುವುದು ಕಚೇರಿಯವರಿಗೆ. ಆದ್ದರಿಂದ ಸಹೋದ್ಯೋಗಿಗಳನ್ನು ಕೇಳಬೇಕು, ಕೇಳುವ ರೀತಿ ಮಾತ್ರ ಸರಿಯಿರಬೇಕು. ‘ಅವರು ಹೇಗೆ?’ ಎಂದರೆ ಸಿಗುವುದು ಸ್ನೇಹದ ಅಳತೆ. ದಿನವೂ ಜೊತೆಯಲ್ಲಿ ಊಟ ಮಾಡುವವರ ಪಾಲಿಗೆ ಅದು ಯಾವಾಗಲೂ ಹೆಚ್ಚು. ‘ಈ ಆರು ತಿಂಗಳಲ್ಲಿ ಅವರಿಂದ ನಿಮ್ಮ ಕೆಲಸ ಸುಲಭವಾದ ಒಂದು ಸಂದರ್ಭ ಹೇಳಿ, ತಡವಾದ ಒಂದು ಸಂದರ್ಭ ಹೇಳಿ’ ಎಂದು ಕೇಳಿದರೆ ಘಟನೆ ಸಿಗುತ್ತದೆ. ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆಗಳ ವಿಧಾನದ ತಿರುಳೂ ಇದೇ: ಗುಣವಾಚಕ ಬೇಡ, ಏನು ನಡೆಯಿತು ಹೇಳಿ. ಕೇಳಬೇಕಾದದ್ದು ನಿಜವಾಗಿ ಜೊತೆಗೆ ಕೆಲಸ ಮಾಡಿದ ಮೂರು ನಾಲ್ಕು ಜನರನ್ನು. ಅರ್ಧದಷ್ಟು ಹೆಸರನ್ನು ಉದ್ಯೋಗಿ, ಉಳಿದರ್ಧವನ್ನು ಮ್ಯಾನೇಜರ್ ಕೊಟ್ಟರೆ ಯಾರೂ ತಮ್ಮವರನ್ನೇ ತುಂಬಿಸಲಾಗದು.

ಮ್ಯಾನೇಜರ್‌ನ ನೆನಪನ್ನೂ ನಂಬುವಂತೆ ಮಾಡಬಹುದು, ಆದರೆ ಅದಕ್ಕೆ ಆರು ತಿಂಗಳು ಮುಂಚೆಯೇ ಶುರು ಮಾಡಿರಬೇಕು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಇಬ್ಬರ ಜೊತೆಗೂ ಪ್ರತ್ಯೇಕವಾಗಿ ಮಾತು, ಮಾತು ಮುಗಿದ ಕೂಡಲೇ ನಾಲ್ಕೈದು ಸಾಲಿನ ಟಿಪ್ಪಣಿ, ಅದರ ಪ್ರತಿ ಉದ್ಯೋಗಿಗೂ. ಕಚೇರಿಯವರಿಗೆ ಇದು ಬೇಡ, ದಿನವೂ ನೋಡುತ್ತೇವಲ್ಲ ಎಂದು ಬಿಟ್ಟರೆ ಒಬ್ಬರದು ದಾಖಲೆ, ಇನ್ನೊಬ್ಬರದು ಮನಸ್ಸಿನ ಚಿತ್ರ ಎಂದಾಗಿ ಹೋಲಿಕೆಯೇ ಕೆಡುತ್ತದೆ. ಟಿಪ್ಪಣಿ ಇಲ್ಲದಿದ್ದರೆ ಅಪ್ರೈಸಲ್‌ನಲ್ಲಿ ಏಪ್ರಿಲ್, ಮೇ ತಿಂಗಳುಗಳು ಇಲ್ಲವೇ ಇಲ್ಲ. ಎಲ್ಲವೂ ಆಗಸ್ಟ್, ಸೆಪ್ಟೆಂಬರ್‌ನದೇ.

ರೇಟಿಂಗ್ ಬರೆಯುವ ಮೊದಲು ಈ ಸಾಕ್ಷ್ಯವನ್ನೆಲ್ಲ ಉದ್ಯೋಗಿಗೆ ತೋರಿಸಿ, ವಾಸ್ತವದಲ್ಲಿ ತಪ್ಪಿದ್ದರೆ ತಿದ್ದಲು ಒಂದು ವಾರ ಕೊಡುವುದು ಒಳ್ಳೆಯದು. ಜುಲೈನ ಫೋನ್ ಕರೆಯ ವಿಷಯ ಮ್ಯಾನೇಜರ್‌ಗೆ ತಿಳಿದದ್ದು ಹೀಗೆ. ದೂರದಲ್ಲಿದ್ದವರಿಗೆ ದಾರಿಯಲ್ಲಿ ಸಿಕ್ಕಾಗ ‘ಸರ್, ಅದು ಹಾಗಲ್ಲ’ ಎನ್ನುವ ಅವಕಾಶವೇ ಇರುವುದಿಲ್ಲ, ಅದನ್ನು ಕ್ರಮದೊಳಗೇ ಸೇರಿಸಬೇಕು. ಕೊನೆಗೆ ಶಿರಸಿಯವರಿಗೆ ಬಂದದ್ದು 4. ಗ್ರಾಹಕರಿಗೆ ತಿಳಿಸುವ ವಿಷಯದಲ್ಲಿ ಹಿಂದೆ ಬಿದ್ದದ್ದರಿಂದ 5 ಅಲ್ಲ. ಬೆಂಗಳೂರಿನವರಿಗೆ 3, ಅದರ ಜೊತೆಗೆ ಮುಂದಿನ ಅರ್ಧ ವರ್ಷದಲ್ಲಿ ಕಠಿಣ ಟಿಕೆಟ್‌ಗಳ ಪಾಲು ಹೆಚ್ಚಿಸಿ, ಮೂಲ ಹುಡುಕುವುದನ್ನು ಶಿರಸಿಯವರಿಂದಲೇ ಕಲಿಯುವ ಏರ್ಪಾಡು.

ಇಷ್ಟೆಲ್ಲ ಮಾಡಿದ ರೇಟಿಂಗ್ ಕೆಡುವ ಜಾಗ ಇನ್ನೊಂದಿದೆ. ಹಲವು ಮ್ಯಾನೇಜರ್‌ಗಳು ಕೂತು ತಮ್ಮ ತಮ್ಮ ರೇಟಿಂಗ್‌ಗಳನ್ನು ಸರಿದೂಗಿಸುವ ಸಭೆ ಅದು. ಬೆಲ್ ಕರ್ವ್ ಬಳಸುವ ಕಂಪನಿಗಳಲ್ಲಿ ಇಂತಿಷ್ಟೇ ಜನರಿಗೆ 4 ಎಂಬ ಮಿತಿ ಇರುವುದರಿಂದ ಯಾರನ್ನಾದರೂ ಇಳಿಸಲೇಬೇಕು. ಆಗ ‘ಇವರು ಯಾರು? ನಾನು ನೋಡಿಯೇ ಇಲ್ಲವಲ್ಲ’ ಎಂಬ ಮಾತು ಬಂದರೆ ಮುಗಿಯಿತು, ಇಳಿಯುವುದು ದೂರದವರೇ. ಸಭೆಗೆ ಎರಡು ದಿನ ಮುಂಚೆ ಪ್ರತಿಯೊಬ್ಬರ ಸಾಕ್ಷ್ಯವನ್ನು ಒಂದೊಂದು ಪುಟದಲ್ಲಿ ಎಲ್ಲರಿಗೂ ಕಳಿಸಿ, ಪುಟದಲ್ಲಿ ಇಲ್ಲದ ಮಾತನ್ನು ಪರವಾಗಿಯೂ ವಿರುದ್ಧವಾಗಿಯೂ ಎತ್ತಬಾರದು ಎಂದು ನಿಯಮ ಮಾಡಿದರೆ ಈ ಗಂಡಾಂತರ ಬಹಳ ಕಡಿಮೆಯಾಗುತ್ತದೆ. ಪರವಾಗಿಯೂ ಎಂಬುದು ಮುಖ್ಯ. ಕಚೇರಿಯವರಿಗೆ ಅನುಕೂಲವಾಗುವ ಕಥೆಗಳು ಹೆಚ್ಚಾಗಿ ಹೊಗಳಿಕೆಯ ರೂಪದಲ್ಲೇ ಬರುತ್ತವೆ.

ವ್ಯವಸ್ಥೆ ವಾಲಿದೆಯೇ ಎಂದು ಕಂಪನಿ ಪರೀಕ್ಷಿಸಿಕೊಳ್ಳಲೂಬಹುದು. ದೂರದವರ ಮತ್ತು ಕಚೇರಿಯವರ ಸರಾಸರಿ ರೇಟಿಂಗನ್ನು ಹೋಲಿಸುವುದರ ಜೊತೆಗೆ, ಶಾಂಘೈನಲ್ಲಿ ಮಾಡಿದಂತೆ, ಒಂದೇ ರೇಟಿಂಗ್ ಪಡೆದವರಲ್ಲಿ ಬಡ್ತಿ ಯಾರಿಗೆ ಎಷ್ಟು ಸಿಕ್ಕಿತು ಎಂದು ನೋಡಬೇಕು. ರೇಟಿಂಗ್ ಸಮವಾಗಿದ್ದೂ ಬಡ್ತಿ ಸಮವಾಗಿಲ್ಲದಿದ್ದರೆ ಅಡ್ಡಿ ಮೌಲ್ಯಮಾಪನದಲ್ಲಿಲ್ಲ, ಅದರಾಚೆ ಇದೆ. ಹತ್ತು ಹನ್ನೆರಡು ಜನರ ತಂಡದಲ್ಲಿ ಈ ಲೆಕ್ಕ ಏನನ್ನೂ ಹೇಳದು, ಒಬ್ಬರ ಬಡ್ತಿಯಿಂದ ಶೇಕಡಾವಾರು ತಲೆಕೆಳಗಾಗುತ್ತದೆ. ನೂರಾರು ಜನರ, ಎರಡು ಮೂರು ವರ್ಷದ ಲೆಕ್ಕ ಬೇಕು.

ಈ ವಿಧಾನ ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ. ವಿಲಿಯಂ ಔಚಿ ಎಂಬ ನಿರ್ವಹಣಾ ಶಾಸ್ತ್ರಜ್ಞ 1979ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫಲಿತಾಂಶವನ್ನು ಅಳೆಯಬಹುದಾದರೆ ಅದನ್ನೇ ಅಳೆಯಬಹುದು, ಕೆಲಸದ ಸರಿಯಾದ ಕ್ರಮ ಗೊತ್ತಿದ್ದರೆ ಆ ಕ್ರಮವನ್ನು ಗಮನಿಸಬಹುದು. ಎರಡೂ ಆಗದ ಸಂಶೋಧನೆ, ಹೊಸ ಉತ್ಪನ್ನದ ಯೋಜನೆಯಂಥ ಕೆಲಸಗಳಲ್ಲಿ ಆ ಕಸುಬು ಬಲ್ಲವರ ತೀರ್ಪೇ ಗತಿ. ಅಲ್ಲಿ ಟಿಕೆಟ್ ಎಣಿಸುವಂಥದ್ದೇನೂ ಇಲ್ಲ. ಆರು ತಿಂಗಳ ಅವಧಿಯೂ ಸಾಲದು. ಎರಡು ಮೂರು ತಿಂಗಳಿಗೊಮ್ಮೆ ಉದ್ಯೋಗಿ ತಾನು ತೆಗೆದುಕೊಂಡ ನಿರ್ಧಾರಗಳನ್ನು, ಬಿಟ್ಟ ದಾರಿಗಳನ್ನು ಕಾರಣ ಸಹಿತ ಬರೆದು, ವಿಷಯ ಬಲ್ಲ ಇಬ್ಬರ ಮುಂದೆ ಮಂಡಿಸುವುದು ಅಂಥ ಕಡೆ ನಡೆಯುವ ಕ್ರಮ.

ಹೊಸದಾಗಿ ಸೇರಿದವರ ಮಾತೂ ಬೇರೆಯೇ. ಮೊದಲ ಆರು ತಿಂಗಳಲ್ಲಿ ಅವರ ಫಲಿತಾಂಶಕ್ಕಿಂತ ಕಲಿಕೆಯ ವೇಗ ಮುಖ್ಯ, ಅದು ಮುಗಿದ ಕೆಲಸದಲ್ಲಿ ಪೂರ್ತಿ ಕಾಣುವುದಿಲ್ಲ. ಹತ್ತಿರ ಕೂತವರಿಗೆ ಹಿರಿಯರು ಕೇಳದೆಯೇ ತಿದ್ದುತ್ತಾರೆ, ದೂರದವರಿಗೆ ಆ ತಿದ್ದುಪಡಿ ಸಿಗುವುದು ಕೇಳಿದರೆ ಮಾತ್ರ. ಆದ್ದರಿಂದ ದೂರದ ಹೊಸಬರು ಹಿಂದುಳಿದಂತೆ ಕಂಡರೆ ಮೊದಲು ನೋಡಬೇಕಾದ ದಾಖಲೆ ಅವರದಲ್ಲ, ಅವರಿಗೆ ಕಲಿಸಬೇಕಿದ್ದವರದು: ಎಷ್ಟು ಸಲ ಅವರ ಕೆಲಸವನ್ನು ತೆರೆದು ಓದಿ ತಿದ್ದಿ ಕಳಿಸಿದರು, ಕೇಳಿದ ಪ್ರಶ್ನೆಗೆ ಎಷ್ಟು ದಿನಕ್ಕೆ ಉತ್ತರ ಕೊಟ್ಟರು. ಕಚೇರಿಯ ಹೊಸಬರಿಗೆ ಸಿಕ್ಕಷ್ಟು ತಿದ್ದುಪಡಿ ಅವರಿಗೂ ಸಿಕ್ಕ ಮೇಲೆ ಮಾಡುವ ಹೋಲಿಕೆಗೆ ಮಾತ್ರ ಅರ್ಥವಿದೆ.